ಕೋರ್ ಆರೇ, ಆಟ ಬೇರೆ

ಪ್ರಶ್ನೆ: ನನ್ನ ಹತ್ತಿರ ರೈಜನ್ 5 3600 ಇದೆ. 5600ರಲ್ಲೂ ಆರೇ ಕೋರ್. ಗೇಮ್‌ಗಾಗಿ ಬದಲಾಯಿಸಬೇಕೇ?

ಉತ್ತರ: ಕೋರ್ ಎಣಿಸಿ ತೀರ್ಮಾನಿಸಬೇಡಿ. 3600ರಲ್ಲಿ 32 ಎಂಬಿ ಕ್ಯಾಶ್ ಎರಡು ಪಾಲಾಗಿದೆ. ಮೂರು ಮೂರು ಕೋರ್‌ಗಳಿಗೆ 16 ಎಂಬಿ. 5600ರಲ್ಲಿ ಆರೂ ಕೋರ್‌ಗಳಿಗೆ ಪೂರ್ತಿ 32 ಎಂಬಿ ಸಿಗುತ್ತದೆ. ಹೀಗಾಗಿ ನಿಧಾನದ ರ‍್ಯಾಮ್‌ಗಾಗಿ ಕಾಯುವುದು ಕಡಿಮೆ. ಗೇಮ್‌ಗೆ ಬೇಕಾದದ್ದೇ ಇದು.

ಆದರೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ನೀವಾಡುವ ಗೇಮ್‌ನ ರೆಸಲ್ಯೂಷನ್ಅನ್ನು 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮ್ 70ರಿಂದ 110ಕ್ಕೆ ಜಿಗಿದರೆ ತಡೆ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಹೊಸ ಪ್ರೊಸೆಸರ್ ದಂಡ. 70ರಲ್ಲೇ ನಿಂತರೆ, ಗೇಮ್‌ನಲ್ಲೇ ಫ್ರೇಮ್ ಮಿತಿ ಇಲ್ಲದಿದ್ದರೆ, 5600 ಧಾರಾಳವಾಗಿ ಕೊಳ್ಳಿ. ಹಳೆಯ ಚಿಪ್ ತೆಗೆಯುವ ಮುನ್ನವೇ ಮದರ್‌ಬೋರ್ಡಿನ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ.