ಸಾಲಪತ್ರದ ಕೊನೆಯ ಪುಟದಲ್ಲಿರುವ ಆ ಕಲಮು

ಹುಬ್ಬಳ್ಳಿಯ ಲಾರಿ ಮಾಲೀಕರೊಬ್ಬರು ಚೆನ್ನೈನ ಫೈನಾನ್ಸ್ ಕಂಪನಿಯಿಂದ 18 ಲಕ್ಷ ರೂಪಾಯಿ ಸಾಲ ಪಡೆದಿದ್ದಾರೆ ಎಂದಿಟ್ಟುಕೊಳ್ಳಿ. ಬಾಡಿಗೆ ಕಡಿಮೆಯಾಗಿ ಕಂತು ನಿಂತಿತು. ಬಡ್ಡಿ, ದಂಡ ಎಲ್ಲ ಸೇರಿಸಿ 9 ಲಕ್ಷ ಬಾಕಿ ಎಂದು ಕಂಪನಿ ಹೇಳುತ್ತದೆ. ಅಷ್ಟು ಬರುವುದಿಲ್ಲ, ಕಟ್ಟಿದ ಕೆಲವು ಕಂತು ಲೆಕ್ಕಕ್ಕೇ ಸಿಕ್ಕಿಲ್ಲ ಎನ್ನುವುದು ಮಾಲೀಕರ ವಾದ. ಒಂದು ದಿನ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಬರುತ್ತದೆ: ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಲಾಗಿದೆ, ಇಂಥ ದಿನ ಚೆನ್ನೈಗೆ ಹಾಜರಾಗಿ.

‘ಮಧ್ಯಸ್ಥಿಕೆ’ ಎಂಬ ಮಾತೇ ಇಲ್ಲಿ ಎಷ್ಟೋ ಜನರ ದಾರಿ ತಪ್ಪಿಸುತ್ತದೆ. ಊರಿನ ಹಿರಿಯರು ಕಟ್ಟೆಯ ಮೇಲೆ ಕೂತು ಎರಡೂ ಕಡೆಯವರನ್ನು ಒಪ್ಪಿಸುವ ಪಂಚಾಯ್ತಿ ನಮ್ಮ ಮನಸ್ಸಿಗೆ ಬರುತ್ತದೆ. ಅಲ್ಲಿ ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು. ವಕೀಲರು ಆರ್ಬಿಟ್ರೇಷನ್ ಎನ್ನುವ ಇದು ಹಾಗಲ್ಲ. ಇಲ್ಲಿ ಮಧ್ಯಸ್ಥಗಾರರು ದಾಖಲೆ ನೋಡಿ, ಸಾಕ್ಷಿ ಕೇಳಿ ಐತೀರ್ಪು ಕೊಡುತ್ತಾರೆ. ನೀವು ಹೋಗದಿದ್ದರೂ ಕೊಡುತ್ತಾರೆ. 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಯಂತೆ ಅದನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯ ಹಾಗೆಯೇ ಜಾರಿ ಮಾಡಿಸಬಹುದು. ಚೆನ್ನೈನಲ್ಲಿ ಕೊಟ್ಟ ಐತೀರ್ಪನ್ನು ಹಿಡಿದುಕೊಂಡು ಕಂಪನಿಯವರು ನೇರವಾಗಿ ಹುಬ್ಬಳ್ಳಿಯ ನ್ಯಾಯಾಲಯಕ್ಕೆ ಬಂದು ಆಸ್ತಿ ಜಪ್ತಿಗೆ ಕೇಳಬಹುದು.

ಇದಕ್ಕೆಲ್ಲ ಮೂಲ ಸಾಲಪತ್ರದಲ್ಲಿನ ಒಂದು ಕಲಮು. ಈ ಕರಾರಿನಿಂದ ಹುಟ್ಟುವ ಯಾವುದೇ ವಿವಾದವನ್ನು ಮಧ್ಯಸ್ಥಗಾರರೇ ತೀರ್ಮಾನಿಸಬೇಕು, ಸ್ಥಳ ಚೆನ್ನೈ ಎಂದು ಅದರಲ್ಲಿ ಬರೆದಿರುತ್ತದೆ. ಅದಕ್ಕೆ ಸಹಿ ಹಾಕಿದಿರೆಂದರೆ ಸಿವಿಲ್ ದಾವೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಮಾಲೀಕರು ಹುಬ್ಬಳ್ಳಿಯಲ್ಲೇ ದಾವೆ ಹೂಡಿದರೂ, ಕಂಪನಿ ತನ್ನ ಮೊದಲ ಹೇಳಿಕೆ ಸಲ್ಲಿಸುವ ಹೊತ್ತಿಗೆ ಈ ಕಲಮನ್ನು ತೋರಿಸಿದರೆ ನ್ಯಾಯಾಲಯ ಅವರನ್ನು ಮಧ್ಯಸ್ಥಿಕೆಗೇ ಕಳಿಸಬೇಕಾಗುತ್ತದೆ. ಕ್ರಿಮಿನಲ್ ಪ್ರಕರಣ, ವಿಚ್ಛೇದನದಂಥವು ಇದರ ವ್ಯಾಪ್ತಿಗೆ ಬರುವುದಿಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡಲೂ ಇಂಥ ಕಲಮು ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದರೆ ವ್ಯಾಪಾರಕ್ಕೆಂದು ಲಾರಿ ಕೊಂಡವರೆಲ್ಲ ಗ್ರಾಹಕರ ಸಾಲಿಗೆ ಸೇರುವುದಿಲ್ಲ.

ಮಧ್ಯಸ್ಥಿಕೆಯಿಂದ ಅನುಕೂಲವೇ ಇಲ್ಲವೆಂದಲ್ಲ. ವಾದ-ಪ್ರತಿವಾದದ ಬರಹಗಳು ಮುಗಿದ ಮೇಲೆ 12 ತಿಂಗಳಲ್ಲಿ ಐತೀರ್ಪು ಬರಬೇಕು. ಇಬ್ಬರೂ ಒಪ್ಪಿದರೆ ಇನ್ನಾರು ತಿಂಗಳು, ಅದಕ್ಕೂ ಮೀರಿದರೆ ನ್ಯಾಯಾಲಯದ ಅನುಮತಿ ಬೇಕು. ಸಿವಿಲ್ ದಾವೆಗೆ ಇಂಥ ಕಟ್ಟುನಿಟ್ಟು ಇಲ್ಲ. ಆದರೆ ನ್ಯಾಯಾಧೀಶರಿಗೆ ಸಂಬಳ ಕೊಡುವುದು ಸರ್ಕಾರ, ಮಧ್ಯಸ್ಥಗಾರರ ಶುಲ್ಕ ಕಕ್ಷಿದಾರರದು. ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ದರದಂತೆ 9 ಲಕ್ಷದ ವಿವಾದಕ್ಕೆ ಒಬ್ಬರೇ ಮಧ್ಯಸ್ಥಗಾರರಿದ್ದರೆ 73,750 ರೂಪಾಯಿ ಆಗುತ್ತದೆ.

ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸವಿರುವುದು ಮೇಲ್ಮನವಿಯಲ್ಲಿ. ಸಿವಿಲ್ ನ್ಯಾಯಾಲಯದ ತೀರ್ಪಿನ ಮೇಲೆ ಮೊದಲ ಮೇಲ್ಮನವಿ ಹಾಕಿದರೆ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡುತ್ತಾರೆ. ಮಧ್ಯಸ್ಥಗಾರರು ಆ ಕಂತುಗಳ ರಸೀದಿ ನಂಬಲಿಲ್ಲವೆಂದರೆ, ಅಷ್ಟಕ್ಕೇ ಐತೀರ್ಪು ರದ್ದಾಗುವುದಿಲ್ಲ. ನೋಟಿಸ್ ಸರಿಯಾಗಿ ಮುಟ್ಟಲಿಲ್ಲ, ಹೇಳಿಕೊಳ್ಳಲು ಅವಕಾಶ ಸಿಗಲಿಲ್ಲ, ಕರಾರಿನ ಹೊರಗಿನ ವಿಷಯ ತೀರ್ಮಾನಿಸಿದರು, ಮೇಲ್ನೋಟಕ್ಕೇ ಕಾನೂನಿಗೆ ವಿರುದ್ಧ ಎಂಬಂಥ ಕೆಲವೇ ಕಾರಣಗಳಿಗೆ ಅದನ್ನು ರದ್ದುಪಡಿಸಬಹುದು. ಆ ಅರ್ಜಿಯೂ ಸಾಮಾನ್ಯವಾಗಿ ಚೆನ್ನೈನಲ್ಲೇ.

ಹಾಗಾಗಿ ನಮ್ಮ ಲಾರಿ ಮಾಲೀಕರು ನೋಟಿಸ್ ಕೈಗೆ ಬಂದ ದಿನವೇ ಒಂದು ಸಾಲು ಹುಡುಕಬೇಕು: ಮಧ್ಯಸ್ಥಗಾರರನ್ನು ನೇಮಿಸಿದವರು ಯಾರು? ‘ಕಂಪನಿಯೇ ನೇಮಿಸುತ್ತದೆ’ ಎಂದು ಬರೆದ ಕರಾರುಗಳು ಈಗಲೂ ಸಿಗುತ್ತವೆ. ವಿವಾದದಲ್ಲಿ ತನ್ನದೇ ಹಿತ ಇರುವವರು ಒಬ್ಬರೇ ಮಧ್ಯಸ್ಥಗಾರರನ್ನು ಆರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು, 2024ರಲ್ಲಿ ಸಂವಿಧಾನ ಪೀಠವೂ ಏಕಪಕ್ಷೀಯ ನೇಮಕ ಸಲ್ಲದು ಎಂದಿತು. ಮಾಲೀಕರು ಈ ನೇಮಕಕ್ಕೆ ಒಪ್ಪಿಗೆ ಇಲ್ಲವೆಂದು ತಕ್ಷಣ ಬರಹದಲ್ಲಿ ಆಕ್ಷೇಪಿಸಿ, ಇಬ್ಬರಿಗೂ ಒಪ್ಪಿಗೆಯಾಗುವ ಹೆಸರು ಕೇಳಬಹುದು. ಹೊಂದಾಣಿಕೆ ಆಗದಿದ್ದರೆ ನೇಮಕಕ್ಕೆ ಹೈಕೋರ್ಟಿನ ಮೊರೆ ಹೋಗಬೇಕು. ಕಂಪನಿ ಕಳಿಸುವ ‘ನಮಗೆ ಸಮ್ಮತ’ ಎಂಬ ಪತ್ರಕ್ಕೆ ಮಾತ್ರ ಓದದೆ ಸಹಿ ಹಾಕಬಾರದು. ವಿವಾದ ಹುಟ್ಟಿದ ಮೇಲೆ ಬರಹದಲ್ಲಿ ಕೊಟ್ಟ ಒಪ್ಪಿಗೆ ಈ ಆಕ್ಷೇಪವನ್ನೇ ಅಳಿಸಿಹಾಕುತ್ತದೆ.

ಐತೀರ್ಪು ಬಂದೇಬಿಟ್ಟಿದ್ದರೆ, ಅದು ಬಂದ ಲಕೋಟೆಯನ್ನು ಎಸೆಯಬೇಡಿ. ಸಹಿಯಾದ ಪ್ರತಿ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಅದನ್ನು ಪ್ರಶ್ನಿಸಬೇಕು. ತಕ್ಕ ಕಾರಣವಿದ್ದರೆ ನ್ಯಾಯಾಲಯ ಇನ್ನೂ 30 ದಿನ ಕೊಡಬಹುದು. 31ನೇ ದಿನ ಕೊಡುವ ಅಧಿಕಾರ ಅದಕ್ಕಿಲ್ಲ.