ಸಾಫ್ಟ್‌ವೇರ್ ಒಪ್ಪಂದದಲ್ಲಿ ಗಡಿಯಾರ ಯಾರದು?

ಹುಬ್ಬಳ್ಳಿಯ ಸಗಟು ವ್ಯಾಪಾರಿಯೊಬ್ಬರು ತಿಂಗಳಿಗೆ 4,000 ರೂಪಾಯಿ ಕಟ್ಟಿ ಆನ್‌ಲೈನ್ ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದಾರೆ ಎಂದುಕೊಳ್ಳಿ. ಒಪ್ಪಂದದಲ್ಲಿ ಶೇ. 99.5 ಅಪ್‌ಟೈಮ್, 4 ಗಂಟೆಯ ರೆಸ್ಪಾನ್ಸ್ ಟೈಮ್, ಅಪ್‌ಟೈಮ್ ತಪ್ಪಿದರೆ ತಿಂಗಳ ಶುಲ್ಕದಲ್ಲಿ ಶೇ. 10 ಸರ್ವಿಸ್ ಕ್ರೆಡಿಟ್ ಎಂದು ಬರೆದಿದೆ. ಶನಿವಾರ ಸಂಜೆ 5ಕ್ಕೆ ಸಾಫ್ಟ್‌ವೇರ್ ನಿಂತಿತು. ಮತ್ತೆ ಶುರುವಾದದ್ದು ಸೋಮವಾರ ಮಧ್ಯಾಹ್ನ 12ಕ್ಕೆ.

ಅಪ್‌ಟೈಮ್ ಎಂದರೆ ಸೇವೆ ಬಳಕೆಗೆ ಸಿಗುವ ಸಮಯ. 30 ದಿನಗಳ ತಿಂಗಳಿಗೆ 720 ಗಂಟೆ, ಶೇ. 99.5 ಎಂದರೆ ಅದರಲ್ಲಿ 3 ಗಂಟೆ 36 ನಿಮಿಷ ನಿಲ್ಲಲು ಅವಕಾಶವಿದೆ. ಇಲ್ಲಿ ನಿಂತದ್ದು 43 ಗಂಟೆ, ಅಂದರೆ ಅಪ್‌ಟೈಮ್ ಶೇ. 94ಕ್ಕೆ ಇಳಿದಿದೆ. ಮಾತು ತಪ್ಪಿದ್ದು ಸ್ಪಷ್ಟ.

ರೆಸ್ಪಾನ್ಸ್ ಟೈಮ್ ಮಾತ್ರ ತಪ್ಪಿಲ್ಲ! ಸಪೋರ್ಟ್ ಸಮಯ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 10ರಿಂದ ಸಂಜೆ 6 ಎಂದಿದ್ದರೆ, ಶನಿವಾರದ ದೂರಿನ ಗಡಿಯಾರ ಓಡತೊಡಗುವುದೇ ಸೋಮವಾರ 10ಕ್ಕೆ. ಮಧ್ಯಾಹ್ನ 2ರೊಳಗೆ ಯಾರಾದರೂ ಕರೆ ಮಾಡಿ "ನೋಡ್ತಾ ಇದ್ದೀವಿ ಸರ್" ಎಂದರೆ ಸಾಕು, ಒಪ್ಪಂದ ಪಾಲಿಸಿದಂತೆ. ದೂರಿಗೆ ಉತ್ತರ ಕೊಡುವುದು ಬೇರೆ, ತೊಂದರೆ ಸರಿಪಡಿಸುವುದು ಬೇರೆ. ಎರಡನೆಯದಕ್ಕೆ ರೆಸಲ್ಯೂಷನ್ ಟೈಮ್ ಎನ್ನುತ್ತಾರೆ. ಅದನ್ನು ಬರೆಯದ ಒಪ್ಪಂದಗಳು ಬಹಳ. ವಾರಾಂತ್ಯದಲ್ಲೇ ಹೆಚ್ಚು ವ್ಯಾಪಾರವಿರುವ ಅಂಗಡಿಯವರು, ಬಿಲ್ಲಿಂಗ್ ಪೂರ್ತಿ ನಿಂತಾಗಲಾದರೂ ಶನಿವಾರ, ಭಾನುವಾರ ಸಪೋರ್ಟ್ ಬೇಕೆಂದು ಹಟ ಹಿಡಿಯಬೇಕು. ನನ್ನ ಮಟ್ಟಿಗೆ, ಅಪ್‌ಟೈಮ್ ಶೇಕಡಾವಾರನ್ನು ಸ್ವಲ್ಪ ಏರಿಸಿಕೊಳ್ಳುವುದಕ್ಕಿಂತ ಇದು ಹೆಚ್ಚು ಬೆಲೆಬಾಳುವ ಷರತ್ತು.

ಇನ್ನೊಂದು ತೊಡಕೂ ಇದೆ. ಲಾಗಿನ್ ಆಗುತ್ತದೆ, ಸ್ಟಾಕ್ ಕಾಣುತ್ತದೆ, ಆದರೆ ಬಿಲ್ ಸೇವ್ ಆಗುತ್ತಿಲ್ಲ. ಅಂಗಡಿಯ ಪಾಲಿಗೆ ಕೆಲಸ ನಿಂತಂತೆಯೇ. ಕಂಪನಿ ಸರ್ವರ್ ಓಡುತ್ತಿದೆಯೇ ಎಂದಷ್ಟೇ ಅಳೆಯುತ್ತಿದ್ದರೆ, ಅವರ ಲೆಕ್ಕದಲ್ಲಿ ಅಪ್‌ಟೈಮ್ ಶೇ. 100. ಆದ್ದರಿಂದ "ಬಿಲ್ ಸೇವ್ ಆಗದಿದ್ದರೆ ಸೇವೆ ನಿಂತಂತೆ" ಎಂಬ ಸಾಲನ್ನು ಸಹಿಗೆ ಮೊದಲೇ ಸೇರಿಸಿಕೊಳ್ಳಬೇಕು. ಮುಂಚೆ ತಿಳಿಸಿ ಮಾಡುವ ಮೇಂಟೆನೆನ್ಸ್ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದು ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಎಂದು ಕೇಳಿ.

ಇನ್ನು ಕ್ರೆಡಿಟ್. 43 ಗಂಟೆ ಬಿಲ್ಲಿಂಗ್ ನಿಂತದ್ದಕ್ಕೆ ಸಿಗುವುದು 400 ರೂಪಾಯಿ, ಅದೂ ನಗದಲ್ಲ, ಮುಂದಿನ ಬಿಲ್ಲಿನಲ್ಲಿ ಕಡಿತ. ಕೈತಪ್ಪಿದ ವ್ಯಾಪಾರಕ್ಕೆ ಪರಿಹಾರ ಇದರಲ್ಲಿಲ್ಲ. ಕ್ರೆಡಿಟ್ ಬಿಟ್ಟರೆ ಬೇರೆ ಪರಿಹಾರವಿಲ್ಲ ಎಂಬ ಷರತ್ತು ಅನೇಕ ಒಪ್ಪಂದಗಳಲ್ಲಿರುತ್ತದೆ. ಹಾಗಿದ್ದಲ್ಲಿ, ಸತತ ಮೂರು ತಿಂಗಳು ಅಪ್‌ಟೈಮ್ ತಪ್ಪಿದರೆ ದಂಡವಿಲ್ಲದೆ ಒಪ್ಪಂದ ಮುರಿದು ನಮ್ಮ ಡೇಟಾ ಪಡೆದು ಹೊರಡುವ ಹಕ್ಕನ್ನಾದರೂ ಬರೆಸಿಕೊಳ್ಳಬೇಕು.

ಆ 400 ರೂಪಾಯಿ ಕೂಡ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ. ಗಡುವಿನೊಳಗೆ, ಉದಾಹರಣೆಗೆ 30 ದಿನಗಳಲ್ಲಿ, ಲಿಖಿತವಾಗಿ ಕೇಳಬೇಕು. ಫೋನಿನಲ್ಲಿ ಹೇಳಿದ ದೂರಿಗೆ ಪುರಾವೆ ಇರುವುದಿಲ್ಲ. ಸಾಫ್ಟ್‌ವೇರ್ ನಿಂತ ಕೂಡಲೇ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಇಮೇಲ್‌ನಲ್ಲೇ ದೂರು ಕೊಟ್ಟು, ಟಿಕೆಟ್ ನಂಬರ್ ಬರೆದಿಟ್ಟುಕೊಳ್ಳಿ.