ಹೊಸ ಡಿಸ್ಟ್ರಿಬ್ಯೂಟರ್‌ಗೆ ಮೊದಲ ಪತ್ರ: ಏರಿಯಾ, ಟಾರ್ಗೆಟ್, ಮಾರ್ಜಿನ್

ಕಂಪನಿಯೊಂದು ಹೊಸ ಡಿಸ್ಟ್ರಿಬ್ಯೂಟರ್‌ಗೆ ಬರೆಯುವ ಮೊದಲ ಪತ್ರದಲ್ಲಿ ಮೂರು ವಿಷಯಗಳು ಇರಲೇಬೇಕು: ಯಾವ ಏರಿಯಾ, ತಿಂಗಳಿಗೆ ಎಷ್ಟು ಮಾರಾಟ, ಕೈಗೆ ಎಷ್ಟು ಮಾರ್ಜಿನ್. ಹೆಚ್ಚಿನ ಪತ್ರಗಳಲ್ಲಿ ಈ ಮೂರೂ ಬೇರೆ ಬೇರೆ ಪ್ಯಾರಾಗಳಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕೂತಿರುತ್ತವೆ. ಅಸಲಿಗೆ ಅವು ಒಂದೇ ಲೆಕ್ಕದ ಮೂರು ಸಾಲುಗಳು. ಏರಿಯಾದಲ್ಲಿರುವ ಅಂಗಡಿಗಳಿಂದ ಟಾರ್ಗೆಟ್ ಹುಟ್ಟಬೇಕು. ಆ ಟಾರ್ಗೆಟ್ ಮುಟ್ಟಿದಾಗ ಬರುವ ಮಾರ್ಜಿನ್, ಡಿಸ್ಟ್ರಿಬ್ಯೂಟರ್ ಮಾಡುವ ಖರ್ಚನ್ನೂ ಹೂಡಿದ ಹಣದ ಫಲವನ್ನೂ ತುಂಬಿಕೊಡಬೇಕು. ಈ ಲೆಕ್ಕ ಕೂಡದಿದ್ದರೆ ಪತ್ರ ಎಷ್ಟು ಚೆನ್ನಾಗಿದ್ದರೂ ವರ್ಷದೊಳಗೆ ಡಿಸ್ಟ್ರಿಬ್ಯೂಟರ್ ಕೈಬಿಡುತ್ತಾರೆ.

ಮಸಾಲೆ ಪುಡಿ ಮಾಡುವ ಒಂದು ಸಣ್ಣ ಕಂಪನಿ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಡಿಸ್ಟ್ರಿಬ್ಯೂಟರ್ ಒಬ್ಬರನ್ನು ನೇಮಿಸುತ್ತಿದೆ ಎಂದು ಇಟ್ಟುಕೊಳ್ಳಬಹುದು. ಮುಂದಿನ ಅಂಕಿಗಳೆಲ್ಲ ಈ ಉದಾಹರಣೆಗಾಗಿ ಹಾಕಿಕೊಂಡವು.

ಏರಿಯಾವನ್ನು ‘ಸಾಗರ ಮತ್ತು ಸುತ್ತಮುತ್ತ’ ಎಂದು ಬರೆದರೆ ಜಗಳಕ್ಕೆ ಅಲ್ಲೇ ಬೀಜ ಬಿತ್ತಿದಂತೆ. ತಾಲ್ಲೂಕಿನ ಹೆಸರು ಬರೆಯಬೇಕು, ಗಡಿಯ ಊರುಗಳನ್ನು ಒಂದೊಂದಾಗಿ ಹೇಳಬೇಕು. ಆನವಟ್ಟಿ ಸೊರಬ ತಾಲ್ಲೂಕಿನದು, ಆದರೆ ಅದು ಹಾನಗಲ್ ರಸ್ತೆಯಲ್ಲಿದೆ. ಸಾಗರದಿಂದ ಅಲ್ಲಿಗೆ ವಾರವಾರ ಗಾಡಿ ಕಳಿಸಿದರೆ ಡೀಸೆಲ್ ಖರ್ಚೂ ಹುಟ್ಟದಿರಬಹುದು. ಅಂಥ ಊರನ್ನು ನಕ್ಷೆಯ ಗೆರೆ ನೋಡಿ ಸೇರಿಸುವುದಕ್ಕಿಂತ, ಅಲ್ಲಿನ ಅಂಗಡಿಯವರು ಈಗ ಯಾವ ಊರಿನಿಂದ ಮಾಲು ತರಿಸುತ್ತಾರೆ ಎಂದು ವಿಚಾರಿಸಿ ತೀರ್ಮಾನಿಸುವುದು ಒಳ್ಳೆಯದು. ಸೂಪರ್ ಮಾರ್ಕೆಟ್, ಹಾಸ್ಟೆಲ್, ಆನ್‌ಲೈನ್ ಮಾರಾಟ ಕಂಪನಿಯ ಕೈಯಲ್ಲೇ ಉಳಿಯುವುದಾದರೆ ಅದನ್ನೂ ಇಲ್ಲೇ ಬರೆಯಬೇಕು. ಈ ವಿಷಯ ಆಮೇಲೆ ಗೊತ್ತಾದರೆ ಡಿಸ್ಟ್ರಿಬ್ಯೂಟರ್‌ಗೆ ಮೋಸ ಹೋದಂತೆ ಅನಿಸುತ್ತದೆ, ಅದು ಸಹಜವೂ ಹೌದು.

ಏರಿಯಾ ಕೊಡುವುದಕ್ಕೆ ಕಾನೂನಿನ ಮಿತಿಯೂ ಇದೆ. 2002ರ ಸ್ಪರ್ಧಾ ಕಾಯ್ದೆಯ 3(4)ನೇ ಕಲಮಿನಲ್ಲಿ ಏರಿಯಾ ಮೀಸಲಿಡುವ ಒಪ್ಪಂದಗಳ ಪ್ರಸ್ತಾಪವಿದೆ. ಅವು ತಾವಾಗಿಯೇ ತಪ್ಪಲ್ಲ, ಮಾರುಕಟ್ಟೆಯ ಸ್ಪರ್ಧೆಗೆ ಗಣನೀಯ ಧಕ್ಕೆ ತಂದರೆ ಮಾತ್ರ ತಪ್ಪು. ‘ಈ ದರಕ್ಕಿಂತ ಕಡಿಮೆಗೆ ಮಾರಕೂಡದು’ ಎಂಬ ಕಟ್ಟಳೆಗೂ ಇದೇ ಅಳತೆ. ಡೀಲರ್‌ಗಳು ಕೊಡುವ ರಿಯಾಯಿತಿಗೆ ಮಿತಿ ಹಾಕಿದ್ದಕ್ಕಾಗಿ ಸ್ಪರ್ಧಾ ಆಯೋಗ 2021ರಲ್ಲಿ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿತು. ಸಣ್ಣ ಕಂಪನಿಗೆ ಅಷ್ಟು ದೂರದ ಭಯ ಬೇಕಿಲ್ಲವಾದರೂ ಪತ್ರದಲ್ಲಿ ‘ಶಿಫಾರಸು ಮಾಡಿದ ದರ’ ಎಂದು ಬರೆದು ಬಿಡುವುದು ಕ್ಷೇಮ.

ಇನ್ನು ಟಾರ್ಗೆಟ್. ಕಳೆದ ವರ್ಷ ಪಕ್ಕದ ಜಿಲ್ಲೆಯಲ್ಲಿ ಇಷ್ಟಾಯಿತು, ಇಲ್ಲೂ ಇಷ್ಟು ಆಗಲಿ ಎಂದು ಹಾಕುವ ಅಂಕಿಗೆ ಬುಡವಿಲ್ಲ. ಬುಡ ಇರುವುದು ಸೇಲ್ಸ್‌ಮನ್‌ನ ಒಂದು ದಿನದಲ್ಲಿ. ಅವನು ಒಂದು ಬೀಟ್‌ನಲ್ಲಿ ದಿನಕ್ಕೆ ಸುಮಾರು 40 ಅಂಗಡಿ ಹತ್ತಿ ಇಳಿಯಬಲ್ಲ. ಅರ್ಧದಷ್ಟು ಅಂಗಡಿಗಳು ಆರ್ಡರ್ ಕೊಟ್ಟವೆಂದರೆ 20 ಬಿಲ್ಲು. ಡಿಸ್ಟ್ರಿಬ್ಯೂಟರ್‌ನ ಖರೀದಿ ದರದಲ್ಲಿ, ತೆರಿಗೆ ಬಿಟ್ಟು, ಬಿಲ್ಲಿಗೆ ಸರಾಸರಿ 600 ರೂಪಾಯಿ ಎಂದು ಹಿಡಿದರೆ ದಿನಕ್ಕೆ 12,000. ತಿಂಗಳಿಗೆ 25 ದಿನದ ಕೆಲಸಕ್ಕೆ 3 ಲಕ್ಷ. ಹೀಗೆ ಬರೆದ ಟಾರ್ಗೆಟ್ ತಪ್ಪಿದರೆ ಎಲ್ಲಿ ತಪ್ಪಿತು ಎಂದು ಹುಡುಕಬಹುದು: ಅಂಗಡಿಗೆ ಹೋಗಿಲ್ಲವೋ, ಹೋದರೂ ಆರ್ಡರ್ ಸಿಗುತ್ತಿಲ್ಲವೋ, ಬಿಲ್ಲೇ ಚಿಕ್ಕದೋ. ಒಂಟಿ ಅಂಕಿ ಕೊಟ್ಟರೆ ಬೈಗುಳ ಬಿಟ್ಟು ಬೇರೇನೂ ಹೊರಡುವುದಿಲ್ಲ.

ಟಾರ್ಗೆಟ್ ಯಾವ ಮಾರಾಟದ್ದು ಎಂಬುದನ್ನೂ ಪತ್ರ ಹೇಳಬೇಕು. ಕಂಪನಿಯಿಂದ ಗೋಡೌನ್‌ಗೆ ಹೋದದ್ದು ಪ್ರೈಮರಿ, ಗೋಡೌನ್‌ನಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಪ್ರೈಮರಿಯನ್ನೇ ಟಾರ್ಗೆಟ್ ಮಾಡಿದರೆ ತಿಂಗಳ ಕೊನೆಯ ಮೂರು ದಿನ ಕಂಪನಿಯ ಪ್ರತಿನಿಧಿ ಬೇಡವೆಂದರೂ ಮಾಲು ಇಳಿಸುತ್ತಾನೆ. ಕಾಗದದಲ್ಲಿ ಟಾರ್ಗೆಟ್ ಮುಟ್ಟುತ್ತದೆ, ಗೋಡೌನ್‌ನಲ್ಲಿ ಪೆಟ್ಟಿಗೆಗಳ ಸಾಲು ಬೆಳೆಯುತ್ತದೆ. ಸ್ಟಾಕನ್ನು ದಿನದ ಲೆಕ್ಕದಲ್ಲಿ ಅಳೆದರೆ ಇದು ಬೇಗ ಗೊತ್ತಾಗುತ್ತದೆ. ಮೂರು ವಾರದ ಮಾರಾಟಕ್ಕೆ ಸಾಕಾಗುವಷ್ಟಿದ್ದ ಸ್ಟಾಕು ಆರು ವಾರಕ್ಕೆ ಏರಿದ್ದರೆ, ತಳ್ಳಿದ ಮಾಲು ಅಂಗಡಿಗೆ ಹೋಗಿಲ್ಲ ಎಂದೇ ಅರ್ಥ.

ಮಾರ್ಜಿನ್ ವಿಷಯಕ್ಕೆ ಬಂದರೆ, ‘ಶೇ. 8’ ಎಂದಷ್ಟೇ ಬರೆಯುವುದು ದೊಡ್ಡ ಎಡವಟ್ಟು. ಯಾವುದರ ಮೇಲೆ ಎಂಟು? 100 ರೂಪಾಯಿ ಎಂಆರ್‌ಪಿ ಇರುವ ಪೊಟ್ಟಣದಲ್ಲಿ ಶೇ. 5 ಜಿಎಸ್‌ಟಿ ತೆಗೆದರೆ 95.24 ಉಳಿಯುತ್ತದೆ. ಅಂಗಡಿಯವರಿಗೆ ಅವರ ಖರೀದಿಯ ಮೇಲೆ ಶೇ. 12 ಬಿಟ್ಟರೆ ಡಿಸ್ಟ್ರಿಬ್ಯೂಟರ್ ಮಾರುವ ದರ 85.04. ಅವರ ಖರೀದಿಯ ಮೇಲೆ ಶೇ. 8 ಎಂದಾದರೆ ಕಂಪನಿಯ ಬಿಲ್ಲು 78.74, ಮಾರ್ಜಿನ್ 6.30. ಡಿಸ್ಟ್ರಿಬ್ಯೂಟರ್ ಮಾತ್ರ ಎಂಆರ್‌ಪಿ ಮೇಲೆ ಎಂದು ತಿಳಿದು 8 ರೂಪಾಯಿ ಎಣಿಸಿಕೊಂಡಿರುತ್ತಾರೆ. ಪೊಟ್ಟಣಕ್ಕೆ 1.70ರ ಈ ವ್ಯತ್ಯಾಸ, 3 ಲಕ್ಷದ ಖರೀದಿಗೆ ತಿಂಗಳಿಗೆ ಸುಮಾರು 6,500 ರೂಪಾಯಿ ಆಗುತ್ತದೆ.

ಆ ಮೊತ್ತ ಎಷ್ಟು ದೊಡ್ಡದು ಎಂಬುದು ಖರ್ಚು ಬರೆದಾಗ ಕಾಣುತ್ತದೆ. 3 ಲಕ್ಷಕ್ಕೆ ಶೇ. 8ರಂತೆ ಬರುವುದು 24,000. ಈ ಕಂಪನಿಯ ಪಾಲಿಗೆ ಬೀಳುವ ಸೇಲ್ಸ್‌ಮನ್ ಸಂಬಳ, ಗಾಡಿ, ಗೋಡೌನ್ ಎಲ್ಲ ಸೇರಿ 18,000 ಎಂದರೆ ಉಳಿಯುವುದು 6,000. ತೊಡಗಿಸಿದ ಹಣ ಎಷ್ಟು? ಮೂರು ವಾರದ ಸ್ಟಾಕು 2.1 ಲಕ್ಷ, ಅಂಗಡಿಗಳಿಗೆ ಎರಡು ವಾರದ ಉದ್ದರಿ ಸುಮಾರು 1.4 ಲಕ್ಷ, ಕಂಪನಿಯಿಂದ ಬರಬೇಕಾದ ಕ್ಲೇಮ್ ಹತ್ತು ಸಾವಿರ. ಒಟ್ಟು 3.6 ಲಕ್ಷಕ್ಕೆ ವರ್ಷಕ್ಕೆ 72,000, ಅಂದರೆ ಶೇ. 20. ಇದು ಪರವಾಗಿಲ್ಲ ಎನ್ನುವ ಫಲ. ಆದರೆ ಮಾರಾಟ 2 ಲಕ್ಷಕ್ಕೆ ನಿಂತರೆ ಮಾರ್ಜಿನ್ 16,000, ಖರ್ಚು ಅದೇ 18,000, ಹಾಗಾಗಿ ತಿಂಗಳಿಗೆ 2,000 ಕೈಯಿಂದ ಹೋಗುತ್ತದೆ. ಖರ್ಚು ಹುಟ್ಟಬೇಕಾದರೂ ಮಾರಾಟ 2.25 ಲಕ್ಷ ದಾಟಬೇಕು.

ಹೊಸ ಬ್ರ್ಯಾಂಡು ಮೊದಲ ತಿಂಗಳೇ ಆ ಗೆರೆ ದಾಟುವುದು ಅಪರೂಪ. ಹಾಗಾಗಿ ಮೊದಲ ಪತ್ರದಲ್ಲಿ ಏರುವ ಟಾರ್ಗೆಟ್ ಇರಬೇಕು, ಆ ಗೆರೆ ದಾಟುವ ತನಕ ನಷ್ಟ ಯಾರದು ಎಂಬ ಮಾತೂ ಇರಬೇಕು. ಪತ್ರದ ಆ ಭಾಗ ಹೀಗಿರಬಹುದು:

“ಮಾನ್ಯರೇ, ಮೊದಲ ಮೂರು ತಿಂಗಳು ತಮ್ಮ ಸೆಕೆಂಡರಿ ಮಾರಾಟದ ಗುರಿ ಕ್ರಮವಾಗಿ 1.5, 2 ಮತ್ತು 2.5 ಲಕ್ಷ ರೂಪಾಯಿ, ಆರನೆಯ ತಿಂಗಳಿಗೆ 3 ಲಕ್ಷ. ತಮ್ಮ ಮಾರ್ಜಿನ್, ತೆರಿಗೆ ಹೊರತಾದ ಖರೀದಿ ದರದ ಮೇಲೆ ಶೇ. 8. ಮಾರಾಟ 2.25 ಲಕ್ಷ ದಾಟುವವರೆಗೆ, ಆದರೆ ಮೂರು ತಿಂಗಳು ಮೀರದಂತೆ, ಸೇಲ್ಸ್‌ಮನ್ ಸಂಬಳದ ಅರ್ಧವನ್ನು ಕಂಪನಿ ಭರಿಸುತ್ತದೆ. ಅವಧಿ ಮುಗಿದ ಮತ್ತು ಹಾಳಾದ ಮಾಲಿನ ಕ್ಲೇಮ್ ಬಂದ 30 ದಿನದೊಳಗೆ ಕ್ರೆಡಿಟ್ ನೋಟ್ ಕಳಿಸಲಾಗುವುದು.”

ಕೊನೆಯ ವಾಕ್ಯ ಬರಿಯ ಸೌಜನ್ಯವಲ್ಲ. ಕ್ಲೇಮ್ ಆರು ತಿಂಗಳು ಬಾಕಿ ಉಳಿದರೆ ಹತ್ತು ಸಾವಿರದ ಬದಲು ಐವತ್ತು ಸಾವಿರ ಸಿಕ್ಕಿಕೊಳ್ಳುತ್ತದೆ, ಮಾರ್ಜಿನ್ ಅಷ್ಟೇ ಇದ್ದರೂ ಶೇ. 20ರ ಫಲ ಶೇ. 18ಕ್ಕೆ ಇಳಿಯುತ್ತದೆ. ಪತ್ರದ ಒಂದು ಪ್ರತಿಗೆ ಡಿಸ್ಟ್ರಿಬ್ಯೂಟರ್ ಸಹಿ ಹಾಕಿ ವಾಪಸು ಕಳಿಸಬೇಕು. ಮೂರು ತಿಂಗಳಾದ ಮೇಲೆ ಇಬ್ಬರೂ ಕೂತು ಬಿಲ್ಲುಗಳ ಸಂಖ್ಯೆ, ಸ್ಟಾಕಿನ ದಿನಗಳು, ಬಾಕಿ ಕ್ಲೇಮ್ ಈ ಮೂರನ್ನು ನೋಡಿ ಮುಂದಿನ ಗುರಿ ತಿದ್ದುವುದಾಗಿ, ಆ ಭೇಟಿಯ ದಿನಾಂಕ ಸಮೇತ, ಅದರಲ್ಲಿ ಬರೆದಿರಬೇಕು.